ಒಂದೇ ಕಾರ್ಡಿನಲ್ಲಿ ಮೂರು ದೇಶ: ಲೈಸೆನ್ಸ್ ಕೊಟ್ಟದ್ದು ಯಾವುದು?

ಉಪ್ಪಳದಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಜೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಆನ್‌ಲೈನ್ ಫಾರ್ಮ್ ತುಂಬುವ ಕೆಲಸ. ಮಂಜೇಶ್ವರದಿಂದ ಕುಂಬಳೆಯವರೆಗೆ ಹೊರದೇಶದಲ್ಲಿ ದುಡಿಯುವವರು ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಹಾಗಾಗಿ ನಮ್ಮ ಮೇಜಿಗೆ ಬರುವ ಡ್ರೈವಿಂಗ್ ಲೈಸೆನ್ಸುಗಳಲ್ಲಿ ಊರಿನ KL14 ಎಷ್ಟೋ, ಹೊರಗಿನವೂ ಅಷ್ಟೇ.

ಮೊನ್ನೆ ಪೈವಳಿಕೆಯ ಹುಡುಗನೊಬ್ಬ ಬಂದ. ಜರ್ಮನಿಯ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಫಾರ್ಮಿನಲ್ಲಿ ಲೈಸೆನ್ಸ್ ಕೊಟ್ಟ ದೇಶ ಯಾವುದು ಎಂದು ಕೇಳಿದ್ದರು. ಅವನು ಒಂದು ಜೆರಾಕ್ಸ್ ಹಾಳೆ ಚಾಚಿ, "ಅಣ್ಣ, ದುಬೈ ಅಂತ ಹಾಕಿ. ನಾನು ಡ್ರೈವಿಂಗ್ ಕಲಿತದ್ದು ಅಲ್ಲೇ ಅಲ್ವಾ?" ಎಂದ.

ಹಾಳೆ ನೋಡಿದೆ. ಮೇಲೆ ಎಡ ಮೂಲೆಯಲ್ಲಿ ಒಂದು ಕಪ್ಪು ಚೌಕ, ಅದರೊಳಗೆ `M` ಎಂಬ ಒಂದೇ ಅಕ್ಷರ. ಮೂರನೇ ಸಾಲಿನಲ್ಲಿ ಹುಟ್ಟಿದ ದಿನ, ಅದರ ಪಕ್ಕ `India`. ಹಿಂಬದಿಯಲ್ಲಿ ಕೋಷ್ಟಕದ ಕೆಳಗೆ, ಕಣ್ಣಿಗೆ ಹತ್ತಿರ ಹಿಡಿದರೆ ಮಾತ್ರ ಕಾಣುವ ಸಾಲೊಂದು: `70.`, ಆಮೇಲೆ ಒಂದು ಉದ್ದ ನಂಬರ್, ಕೊನೆಗೆ `UAE`. ಒಂದು ಅಂಗೈಯಷ್ಟೂ ಇಲ್ಲದ ಕಾರ್ಡಿನಲ್ಲಿ ಮೂರು ದೇಶ. ಕೊಟ್ಟದ್ದು ಅವುಗಳಲ್ಲಿ ಒಂದು ಮಾತ್ರ.

ಇಂಥ ಕಾರ್ಡನ್ನು ಓದುವುದು ಕಷ್ಟವಲ್ಲ. ಆದರೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿರಬೇಕು. ನಾವು ಸಾಮಾನ್ಯವಾಗಿ ಕಾರ್ಡಿನಲ್ಲಿ ದೇಶದ ಹೆಸರು ಎಲ್ಲಿ ಕಂಡರೂ ಅದೇ ಉತ್ತರ ಅಂದುಕೊಳ್ಳುತ್ತೇವೆ. ಅಂಗಡಿ ಶುರುಮಾಡಿದ ಹೊಸದರಲ್ಲಿ ನಾನೂ ಅದನ್ನೇ ಮಾಡಿದ್ದೆ. ಕುಂಬಳೆಯ ಒಬ್ಬರ ಶಾರ್ಜಾ ಲೈಸೆನ್ಸಿನಲ್ಲಿ ನ್ಯಾಷನಾಲಿಟಿ ಎಂದಿದ್ದ ಕಡೆ ಇಂಡಿಯಾ ಅಂತ ಇತ್ತು. ಅದನ್ನೇ ದೇಶದ ಕಾಲಮ್ಮಿಗೆ ಹಾಕಿದೆ. ಹತ್ತು ದಿನ ಕಳೆದು ಅರ್ಜಿ ವಾಪಸ್ ಬಂತು. ಅವರ ರಜೆ ಅಷ್ಟರಲ್ಲಿ ಮುಗಿದಿತ್ತು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಆಮೇಲೆ ಪ್ರತಿ ಕಾರ್ಡನ್ನೂ ಒಂದೇ ಕ್ರಮದಲ್ಲಿ ನೋಡುವುದು ರೂಢಿಯಾಯಿತು.

ಮೊದಲು ಮೂಲೆಯ ಅಕ್ಷರ. ಅದಕ್ಕೆ ಗುರುತಿನ ಅಕ್ಷರ ಅನ್ನೋಣ. ಇದು ಲೈಸೆನ್ಸಿಗಾಗಿ ಹುಟ್ಟಿದ್ದಲ್ಲ, ಕಾರಿಗಾಗಿ ಹುಟ್ಟಿದ್ದು. 1909ರಲ್ಲಿ ಪ್ಯಾರಿಸ್‌ನಲ್ಲಿ ಕೆಲವು ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಗಡಿ ದಾಟುವ ಕಾರಿನ ಹಿಂದೆ ಅದು ಯಾವ ದೇಶದ್ದೆಂದು ತಿಳಿಸುವ ಅಕ್ಷರ ಇರಬೇಕು ಅಂತ. ಮೊಟ್ಟೆಯಾಕಾರದ ಬಿಳಿ ಸ್ಟಿಕರಿನಲ್ಲಿ ಕಪ್ಪು ಅಕ್ಷರ ಇರುವುದನ್ನು ನೀವೂ ಫೋಟೋಗಳಲ್ಲಿ ನೋಡಿರುತ್ತೀರಿ. ಆಮೇಲೆ 1949ರ ಜಿನೀವಾ ಒಪ್ಪಂದ, 1968ರ ವಿಯೆನ್ನಾ ಒಪ್ಪಂದ ಇದೇ ಪದ್ಧತಿಯನ್ನು ಮುಂದುವರಿಸಿದವು. ಲೈಸೆನ್ಸಿನ ಮೇಲೂ ಅದೇ ಅಕ್ಷರ ಬಂತು. ಅದು ಒಂದರಿಂದ ಮೂರು ಅಕ್ಷರ ಇರುತ್ತದೆ, ಯಾವಾಗಲೂ ರೋಮನ್ ಲಿಪಿಯ ದೊಡ್ಡಕ್ಷರ. ಜರ್ಮನಿಗೆ `D`, ಫ್ರಾನ್ಸಿಗೆ `F`, ಇಟಲಿಗೆ `I`, ನಮಗೆ `IND`.

ಹಳೆಯ ಪದ್ಧತಿಯಾದ್ದರಿಂದ ಅದರಲ್ಲಿ ಹಳೆಯ ಹೆಸರುಗಳೂ ಉಳಿದುಕೊಂಡಿವೆ. ಶ್ರೀಲಂಕಾದ ಗುರುತು ಇವತ್ತಿಗೂ `CL`, ಅಂದರೆ ಸಿಲೋನ್. ಸ್ವಿಟ್ಜರ್‌ಲ್ಯಾಂಡಿನದು `CH`, ಅದು ಆ ದೇಶದ ಲ್ಯಾಟಿನ್ ಹೆಸರಿನಿಂದ ಬಂದದ್ದು. ಸ್ಪೇನಿನದು `E`, ಅವರ ಭಾಷೆಯಲ್ಲಿ ದೇಶದ ಹೆಸರು ಎಸ್ಪಾನ್ಯ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಹಿಡಿದು ಊಹಿಸಿದರೆ ಅರ್ಧಕ್ಕರ್ಧ ತಪ್ಪುತ್ತದೆ.

ನನಗೆ ಕಂಡಂತೆ ಜಾಸ್ತಿ ತಪ್ಪಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ದೇಶಗಳಿಗೆ ಬೇರೆ ಎರಡು ಬಗೆಯ ಕೋಡ್ ಕೂಡ ಇವೆ. ಒಂದು ಎರಡಕ್ಷರದ್ದು, ವೆಬ್‌ಸೈಟ್ ಹೆಸರಿನ ಕೊನೆಯಲ್ಲಿ ಬರುವಂಥದ್ದು. ಇನ್ನೊಂದು ಮೂರಕ್ಷರದ್ದು, ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲುಗಳಲ್ಲಿ ಬರುವುದು. ಆನ್‌ಲೈನ್ ಫಾರ್ಮುಗಳು ಕೇಳುವುದು ಈ ಎರಡರಲ್ಲಿ ಒಂದನ್ನು. ಕಾರ್ಡಿನ ಮೂಲೆಯಲ್ಲಿರುವುದು ಮೂರನೆಯದು. ಜರ್ಮನಿಯನ್ನೇ ನೋಡಿ: ಕಾರ್ಡಿನಲ್ಲಿ `D`, ವೆಬ್ ಕೋಡ್ `DE`, ಪಾಸ್‌ಪೋರ್ಟ್ ಕೋಡ್ `D` ಅಥವಾ ಪಟ್ಟಿಗಳಲ್ಲಿ `DEU`. ಒಂದೇ ದೇಶ, ನಾಲ್ಕು ಕಡೆ ಮೂರು ರೀತಿ ಕಂಡರೂ ಇಲ್ಲಿ ಗೊಂದಲ ಕಡಿಮೆ, ಯಾಕೆಂದರೆ ಎಲ್ಲವೂ ಹೋಲುತ್ತವೆ.

ಗೊಂದಲ ಆಗುವುದು ಬಹ್ರೇನಿನಂಥ ಕಡೆ. ನಮ್ಮೂರಿನವರು ತುಂಬ ಮಂದಿ ಅಲ್ಲಿದ್ದಾರೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಾಹನದ ಗುರುತಿನ ಅಕ್ಷರದಲ್ಲಿ ಬಹ್ರೇನ್ ಅಂದರೆ `BRN`. ಆದರೆ ಮೂರಕ್ಷರದ ಕೋಡ್ ಪಟ್ಟಿಯಲ್ಲಿ `BRN` ಅಂದರೆ ಬ್ರೂನೈ. ಅದು ಬೋರ್ನಿಯೋ ದ್ವೀಪದಲ್ಲಿರುವ ಬೇರೆಯೇ ದೇಶ. ಆ ಪಟ್ಟಿಯಲ್ಲಿ ಬಹ್ರೇನ್ `BHR`. ಬ್ರೂನೈ ಕಾರಿನ ಗುರುತು `BRU`. ಅಂದರೆ ಕಂಡ ಮೂರು ಅಕ್ಷರವನ್ನು ಹಾಗೇ ಫಾರ್ಮಿಗೆ ಟೈಪ್ ಮಾಡಿದರೆ ಕಂಪ್ಯೂಟರ್ ತಪ್ಪು ಅನ್ನುವುದಿಲ್ಲ, ಸುಮ್ನೆ ಇನ್ನೊಂದು ದೇಶವನ್ನು ಒಪ್ಪಿಕೊಳ್ಳುತ್ತದೆ. ಅದಕ್ಕೇ ಗುರುತಿನ ಅಕ್ಷರದಿಂದ ಮೊದಲು ದೇಶದ ಪೂರ್ತಿ ಹೆಸರಿಗೆ ಹೋಗಬೇಕು, ಆ ಹೆಸರಿನಿಂದ ಫಾರ್ಮಿನ ಕೋಡಿಗೆ ಬರಬೇಕು. ಅಕ್ಷರದಿಂದ ಅಕ್ಷರಕ್ಕೆ ಹಾರಬಾರದು.

ಈಗ ಪೈವಳಿಕೆಯ ಹುಡುಗನ ಹಾಳೆಗೆ ಬರೋಣ. ಮೂಲೆಯಲ್ಲಿ `M` ಇದೆ ಅಂದೆ. ಅದನ್ನು ನೋಡಿದವರಿಗೆ ಮೊದಲು ಹೊಳೆಯುವುದು ಗಂಡು ಎಂಬ ಅರ್ಥ. ಇಲ್ಲವೇ ಮೋಟಾರ್‌ಸೈಕಲ್. ಇದು ಯಾವುದೂ ಅಲ್ಲ ಎಂದು ತಿಳಿಯುವುದು ಅಕ್ಷರ ಇರುವ ಜಾಗದಿಂದ. "ಒರಿಜಿನಲ್ ಕಾರ್ಡ್ ಇದೆಯಾ?" ಅಂತ ಕೇಳಿದೆ. ಪರ್ಸಿನಿಂದ ತೆಗೆದುಕೊಟ್ಟ. ಜೆರಾಕ್ಸಿನಲ್ಲಿ ಕಪ್ಪಾಗಿ ಕಂಡ ಚೌಕ ಕಾರ್ಡಿನಲ್ಲಿ ನೀಲಿ. ಅದರಲ್ಲಿ ಹಳದಿ ಬಣ್ಣದ ಹನ್ನೆರಡು ಸಣ್ಣ ನಕ್ಷತ್ರಗಳು ಸುತ್ತಾಗಿ ಕೂತಿವೆ, ನಡುವೆ ಬಿಳಿಯ `M`. ಕಾರ್ಡಿನ ಉಳಿದ ಭಾಗ ತೆಳು ಗುಲಾಬಿ. ಜೆರಾಕ್ಸ್ ಮೆಷಿನ್ ಈ ನೀಲಿಯನ್ನು ಕಪ್ಪು ಮಾಡಿತ್ತು, ನಕ್ಷತ್ರಗಳನ್ನು ನುಂಗಿತ್ತು. ಇಂಥ ಕೆಲಸಕ್ಕೆ ಯಾವಾಗಲೂ ಬಣ್ಣದ ಪ್ರತಿಯನ್ನೇ ಕೇಳಿ. ಎರಡು ರೂಪಾಯಿ ಉಳಿಸಲು ಹೋಗಿ ಮುಖ್ಯ ಗುರುತೇ ಹೋಗುತ್ತದೆ.

ಹನ್ನೆರಡು ನಕ್ಷತ್ರದ ನೀಲಿ ಚೌಕ, ಗುಲಾಬಿ ಕಾರ್ಡ್: ಇದು ಯುರೋಪಿಯನ್ ಒಕ್ಕೂಟದ ಮಾದರಿ. 2013ರ ಜನವರಿ 19ರಿಂದ ಒಕ್ಕೂಟದ ಎಲ್ಲ ದೇಶಗಳೂ ಹೊಸ ಲೈಸೆನ್ಸನ್ನು ಈ ಒಂದೇ ಮಾದರಿಯಲ್ಲಿ ಕೊಡುತ್ತಿವೆ. ಅಳತೆ ನಮ್ಮ ಎಟಿಎಂ ಕಾರ್ಡಿನದ್ದೇ. ನಕ್ಷತ್ರಗಳು ಹೇಳುವುದು ಒಕ್ಕೂಟವನ್ನು ಮಾತ್ರ. ಹನ್ನೆರಡು ಅಂದರೆ ಹನ್ನೆರಡು ದೇಶ ಎಂದೂ ಅಲ್ಲ. ದೇಶವನ್ನು ಹೇಳುವುದು ನಡುವಿನ ಅಕ್ಷರ. ಆ ಪಟ್ಟಿಯಲ್ಲಿ `M` ಅಂದರೆ ಮಾಲ್ಟಾ. ಮೆಡಿಟರೇನಿಯನ್ ಸಮುದ್ರದ ನಡುವಿನ ಸಣ್ಣ ದ್ವೀಪದೇಶ.

"ಹೌದಣ್ಣ, ಎರಡು ವರ್ಷ ಮಾಲ್ಟಾದಲ್ಲಿದ್ದೆ. ಅಲ್ಲಿ ದುಬೈ ಕಾರ್ಡು ಕೊಟ್ಟು ಇದನ್ನು ತೆಗೊಂಡೆ. ಆದರೆ ಟೆಸ್ಟ್ ಏನೂ ಕೊಟ್ಟಿಲ್ಲ," ಅಂದ ಹುಡುಗ. ಟೆಸ್ಟ್ ಎಲ್ಲಿ ಕೊಟ್ಟೆ ಅನ್ನುವುದು ಬೇರೆ, ಕಾರ್ಡ್ ಯಾರು ಕೊಟ್ಟರು ಅನ್ನುವುದು ಬೇರೆ. ಫಾರ್ಮ್ ಕೇಳುವುದು ಎರಡನೆಯದನ್ನು.

ಒಂದು ಅಕ್ಷರವನ್ನೇ ನಂಬಿ ನಾನು ಬರೆಯುವುದಿಲ್ಲ, ಇನ್ನೆರಡು ಕಡೆ ತಾಳೆ ನೋಡುತ್ತೇನೆ. ಒಂದು, ಮೇಲಿನ ತಲೆಬರಹದ ಭಾಷೆ. ಡ್ರೈವಿಂಗ್ ಲೈಸೆನ್ಸ್ ಎಂಬ ಮಾತು ಕೊಟ್ಟ ದೇಶದ ಭಾಷೆಯಲ್ಲಿ ದೊಡ್ಡದಾಗಿ ಅಚ್ಚಾಗಿರುತ್ತದೆ. ಇವನ ಕಾರ್ಡಿನಲ್ಲಿ `Liċenzja tas-Sewqan` ಅಂತಿತ್ತು. ಆ `ċ` ಅಕ್ಷರದ ತಲೆಯ ಮೇಲಿನ ಚುಕ್ಕೆ ಮಾಲ್ಟಾದ ಭಾಷೆಯದ್ದು. ಇಲ್ಲೊಂದು ಎಚ್ಚರ ಬೇಕು: ಕಾರ್ಡಿನ ಹಿನ್ನೆಲೆಯಲ್ಲಿ ಅದೇ ಮಾತು ಒಕ್ಕೂಟದ ಎಲ್ಲ ಭಾಷೆಗಳಲ್ಲೂ ತೆಳುವಾಗಿ ಗುಲಾಬಿಯಲ್ಲಿ ಅಚ್ಚಾಗಿರುತ್ತದೆ. ಯಾರೋ ಅದರಲ್ಲಿ ಜರ್ಮನ್ ಪದ ಕಂಡು ಜರ್ಮನಿ ಅಂದುಬಿಡಬಹುದು. ದಪ್ಪ ಅಕ್ಷರದ ತಲೆಬರಹವನ್ನು ಮಾತ್ರ ಲೆಕ್ಕಕ್ಕೆ ತೆಗೊಳ್ಳಿ.

ಎರಡು, ಸಾಲಿನ ನಂಬರುಗಳು. ಈ ಮಾದರಿಯಲ್ಲಿ ಪ್ರತಿ ವಿವರದ ಮುಂದೆ ಒಂದು ಸಣ್ಣ ಅಂಕೆ ಇರುತ್ತದೆ. ಭಾಷೆ ಬಾರದಿದ್ದರೂ ಅಂಕೆ ಹಿಡಿದು ಓದಬಹುದು, ಅದಕ್ಕೇ ಅದನ್ನು ಇಟ್ಟದ್ದು. 1 ಮನೆತನದ ಹೆಸರು, 2 ಸ್ವಂತ ಹೆಸರು, 3 ಹುಟ್ಟಿದ ದಿನ ಮತ್ತು ಊರು ಅಥವಾ ದೇಶ. `4a` ಕಾರ್ಡ್ ಕೊಟ್ಟ ದಿನ, `4b` ಮುಗಿಯುವ ದಿನ, `4c` ಕೊಟ್ಟ ಕಚೇರಿ. 5 ಲೈಸೆನ್ಸ್ ನಂಬರ್. 9ರಲ್ಲಿ ಓಡಿಸಬಹುದಾದ ವಾಹನದ ವರ್ಗ. ಯಾರು ಕೊಟ್ಟದ್ದು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರ ಕೊಡುವುದು `4c` ಒಂದೇ. ಮೂರನೇ ಸಾಲಿನ `India` ಹುಟ್ಟಿದ ಕಡೆಯನ್ನು ಹೇಳುತ್ತದೆ, ಅಷ್ಟೇ. ಒಂಬತ್ತನೇ ಸಾಲಿನಲ್ಲಿ `B` ಇದ್ದರೆ ಅದು ಕಾರಿನ ವರ್ಗ, ಬೆಲ್ಜಿಯಂ ಅಲ್ಲ. `D` ಇದ್ದರೆ ಬಸ್ಸು, ಜರ್ಮನಿ ಅಲ್ಲ. ಅದೇ ಅಕ್ಷರ ನೀಲಿ ಚೌಕದೊಳಗೆ ಬಂದರೆ ಮಾತ್ರ ದೇಶ.

ಉಳಿದದ್ದು ಹಿಂಬದಿಯ `UAE`. ಕಾರ್ಡಿನ ಹಿಂದೆ 9ರಿಂದ 12ರವರೆಗೆ ನಾಲ್ಕು ಕಾಲಮ್ ಇರುತ್ತದೆ. ಹನ್ನೆರಡನೆಯದು ಕೋಡುಗಳ ಕಾಲಮ್. ಅಲ್ಲಿ `01` ಅಂತ ಶುರುವಾದರೆ ಕಣ್ಣಿಗೆ ಸಂಬಂಧಿಸಿದ್ದು, ಅಂದರೆ ಕನ್ನಡಕ ಅಥವಾ ಲೆನ್ಸ್ ಹಾಕಿಯೇ ಓಡಿಸಬೇಕು. `78` ಇದ್ದರೆ ಆಟೋಮ್ಯಾಟಿಕ್ ಗೇರಿನ ವಾಹನ ಮಾತ್ರ. ಈ ಎರಡಂಕಿಯ ಕೋಡುಗಳು ಒಕ್ಕೂಟದಲ್ಲೆಲ್ಲ ಒಂದೇ. ನೂರು ಮತ್ತು ಅದರ ಮೇಲಿನವು ಆಯಾ ದೇಶದ ಸ್ವಂತದ್ದು, ಆ ದೇಶದೊಳಗೆ ಮಾತ್ರ ನಡೆಯುತ್ತವೆ.

`70` ಅಂದರೆ ಬದಲಾಯಿಸಿಕೊಂಡದ್ದು. ಅದನ್ನು ಬರೆಯುವ ರೀತಿ ಹೀಗೆ:

```
70.1234567.UAE
```

ನಡುವಿನದು ಹಳೆಯ ಲೈಸೆನ್ಸಿನ ನಂಬರ್ (ಇಲ್ಲಿ ನಾನು ಸುಮ್ನೆ ಹಾಕಿದ ನಂಬರ್), ಕೊನೆಯದು ಹಳೆಯ ಕಾರ್ಡ್ ಕೊಟ್ಟ ದೇಶದ ಗುರುತು. ಅಂದರೆ ಈ ಸಾಲನ್ನು ಹೀಗೆ ಓದಬೇಕು: ಎಮಿರೇಟ್ಸ್ ಕೊಟ್ಟ ಇಂಥ ನಂಬರಿನ ಲೈಸೆನ್ಸಿಗೆ ಬದಲಾಗಿ ಈ ಕಾರ್ಡನ್ನು ಕೊಟ್ಟಿದ್ದೇವೆ. `71` ಇದ್ದರೆ ಕಳೆದುಹೋದದ್ದಕ್ಕೆ ಕೊಟ್ಟ ನಕಲು ಕಾರ್ಡ್.

ಈ ಒಂದು ಸಾಲು ಹುಡುಗನಿಗೆ ತುಂಬ ಮುಖ್ಯ ಅಂತ ಅವನಿಗೆ ಗೊತ್ತಿರಲಿಲ್ಲ. ಒಕ್ಕೂಟದ ಒಂದು ದೇಶ ಕೊಟ್ಟ ಲೈಸೆನ್ಸನ್ನು ಇನ್ನೊಂದು ದೇಶ ಒಪ್ಪಬೇಕು ಎಂಬುದು ಸಾಮಾನ್ಯ ನಿಯಮ. ಆದರೆ 2006ರ ಒಕ್ಕೂಟದ ಲೈಸೆನ್ಸ್ ಕಾಯ್ದೆಯಲ್ಲಿ ಒಂದು ಬಿಡುವು ಇಟ್ಟಿದ್ದರು. ಹೊರಗಿನ ದೇಶದ ಲೈಸೆನ್ಸನ್ನು ಬದಲಾಯಿಸಿ ಪಡೆದ ಕಾರ್ಡ್ ಆಗಿದ್ದು, ಆಮೇಲೆ ಆ ಮನುಷ್ಯ ವಾಸವನ್ನು ಒಕ್ಕೂಟದ ಬೇರೆ ದೇಶಕ್ಕೆ ಬದಲಿಸಿದರೆ, ಆ ಎರಡನೇ ದೇಶ ಒಪ್ಪಲೇಬೇಕೆಂದಿಲ್ಲ. ಅದನ್ನು ಆ ದೇಶ ಕಂಡುಹಿಡಿಯುವುದು ಈ `70`ರಿಂದಲೇ. ಕಾರ್ಡ್ ನವೀಕರಿಸಿದರೂ ಆ ಸಾಲು ಹೋಗುವುದಿಲ್ಲ. ಹಾಗಾಗಿ ಜರ್ಮನಿಯಲ್ಲಿ ಡ್ರೈವರ್ ಕೆಲಸಕ್ಕೆ ಹೋಗುವವನು ಮುಂಭಾಗ ಮಾತ್ರ ಕಳಿಸಿ ಸುಮ್ಮನಿದ್ದರೆ, ಅಲ್ಲಿ ಹೋದ ಮೇಲೆ ತೊಂದರೆಗೆ ಸಿಗಬಹುದು.

ಹುಡುಗನ ಮುಖ ಸ್ವಲ್ಪ ಸಪ್ಪೆಯಾಯಿತು. ಆದರೂ ಊರಲ್ಲೇ ತಿಳಿದದ್ದು ಒಳ್ಳೆಯದಾಯಿತು ಅಂತ ನನಗನಿಸಿತು.

ನಕ್ಷತ್ರ ಇಲ್ಲದ ಕಾರ್ಡುಗಳನ್ನು ಏನು ಮಾಡುವುದು? ನಮ್ಮ ಕಡೆ ಜಾಸ್ತಿ ಬರುವುದು ಅವೇ, ಗಲ್ಫಿನವು. ಇವುಗಳಲ್ಲಿ ಮೂಲೆಯ ಅಕ್ಷರವನ್ನು ಹುಡುಕುತ್ತ ಕೂರುವುದಕ್ಕಿಂತ ತಲೆಬರಹ ಓದುವುದು ಸುಲಭ. ಅರಬ್ಬಿ ಮತ್ತು ಇಂಗ್ಲಿಷ್ ಎರಡರಲ್ಲೂ ದೇಶದ ಹೆಸರು ಮೇಲೆ ಇರುತ್ತದೆ. ಎಮಿರೇಟ್ಸ್ ಕಾರ್ಡಿನಲ್ಲಿ ಪ್ಲೇಸ್ ಆಫ್ ಇಶ್ಯೂ ಎಂಬಲ್ಲಿ ದುಬೈ, ಶಾರ್ಜಾ, ಅಬುಧಾಬಿ ಹೀಗೆ ಯಾವುದಾದರೂ ಒಂದಿರುತ್ತದೆ. ಅದು ದೇಶವಲ್ಲ, ದೇಶದೊಳಗಿನ ಎಮಿರೇಟ್. ನಾವು ಮಾತಿನಲ್ಲಿ ದುಬೈ ಲೈಸೆನ್ಸ್ ಅಂದರೂ ಫಾರ್ಮಿನ ಪಟ್ಟಿಯಲ್ಲಿ ದುಬೈ ಎಂಬ ದೇಶ ಸಿಗುವುದಿಲ್ಲ. ನ್ಯಾಷನಾಲಿಟಿ ಎಂಬ ಸಾಲು ಕಾರ್ಡಿನ ಯಜಮಾನ ಯಾವ ದೇಶದವನು ಎಂದು ಹೇಳುತ್ತದೆ. ನಾನು ಎಡವಿದ್ದು ಅಲ್ಲೇ. ವಲಸೆ ಬಂದವರೇ ತುಂಬಿರುವ ದೇಶಗಳಾದ್ದರಿಂದ ಆ ಸಾಲು ಅಲ್ಲಿಯವರಿಗೆ ಬೇಕು.

ಕತಾರಿನ ಕಾರ್ಡಿನಲ್ಲಿ ಇದೇ ಬಲೆ ನಂಬರಿನ ಒಳಗಿದೆ. ಅಲ್ಲಿ ಲೈಸೆನ್ಸ್ ನಂಬರೂ ಗುರುತಿನ ಚೀಟಿಯ ನಂಬರೂ ಒಂದೇ, ಹನ್ನೊಂದು ಅಂಕಿ. ಮೊದಲ ಅಂಕಿ 2 ಆದರೆ ಹುಟ್ಟಿದ್ದು 1900ರ ಶತಮಾನ, 3 ಆದರೆ 2000ದ ನಂತರ. ಮುಂದಿನ ಎರಡು ಹುಟ್ಟಿದ ವರ್ಷದ ಕೊನೆಯ ಅಂಕಿಗಳು. ಅದರ ಮುಂದಿನ ಮೂರು ದೇಶದ ಅಂಕಿ ಕೋಡ್. `28835600000` ಎಂಬ ನಂಬರ್ ಇದೆ ಅನ್ನೋಣ. 2, 88, 356: ಅಂದರೆ 1988ರಲ್ಲಿ ಹುಟ್ಟಿದವರು, 356 ಎಂದರೆ ಭಾರತ. ಕೋಡ್ ಬಲ್ಲವರು ಕೂಡ ಇದನ್ನು ನೋಡಿ ಭಾರತದ ಲೈಸೆನ್ಸ್ ಅನ್ನುವ ಸಾಧ್ಯತೆ ಇದೆ. ಆದರೆ ಆ 356 ಹೇಳುವುದು ಮನುಷ್ಯನ ರಾಷ್ಟ್ರೀಯತೆಯನ್ನು, ಕಾರ್ಡಿನದ್ದನ್ನಲ್ಲ.

ನಮ್ಮ ಊರಿನ ಕಾರ್ಡಿನಲ್ಲಿ ಇದಕ್ಕೆ ಉಲ್ಟಾ. `KL14` ಅಂದರೆ ಕೇರಳ, ಕಾಸರಗೋಡು ಆರ್‌ಟಿಓ. ಅದರ ಮುಂದಿನ ನಾಲ್ಕು ಅಂಕಿ ಲೈಸೆನ್ಸ್ ಕೊಟ್ಟ ವರ್ಷ, ಆಮೇಲಿನ ಏಳು ಕ್ರಮಸಂಖ್ಯೆ. ಇಲ್ಲಿ ನಂಬರ್ ಹೇಳುವುದು ಕೊಟ್ಟ ಕಚೇರಿಯನ್ನು, ಮನುಷ್ಯನನ್ನಲ್ಲ. ತಲಪಾಡಿ ದಾಟಿ ಮಂಗಳೂರಿನಲ್ಲಿ ಮಾಡಿಸಿದ್ದರೆ `KA19` ಅಂತಿರುತ್ತದೆ. ಹೊರಗಿನ ಕಚೇರಿಯವರು ಈ ಎರಡಕ್ಷರವನ್ನು ದೇಶದ ಕೋಡ್ ಅಂದುಕೊಳ್ಳುವುದುಂಟು. ಅಮೆರಿಕದ ಕಾರ್ಡಿನಲ್ಲಿ ನಮಗೆ ಆಗುವುದೂ ಅದೇ. ಅಲ್ಲಿ `IN` ಕಂಡರೆ ಅದು ಇಂಡಿಯಾನಾ ರಾಜ್ಯ, `CA` ಕಂಡರೆ ಕ್ಯಾಲಿಫೋರ್ನಿಯಾ, ಕೆನಡಾ ಅಲ್ಲ. ಕೆನಡಾದ ವಾಹನದ ಗುರುತು `CDN`. ಅಮೆರಿಕದ ಕಾರ್ಡಿನ ಹಿಂದೆ ಉದ್ದನೆಯ ಬಾರ್‌ಕೋಡ್ ಇರುತ್ತದೆ. ಅದನ್ನು ಸ್ಕ್ಯಾನ್ ಮಾಡಿದರೆ ಬರುವ ಸಾಲುಗಳಲ್ಲಿ ದೇಶ ಮತ್ತು ರಾಜ್ಯ ಬೇರೆಬೇರೆಯಾಗಿ ಸಿಗುತ್ತವೆ:

```
DAJCA
DCGUSA
```

`DAJ` ಅಂದರೆ ರಾಜ್ಯ, `DCG` ಅಂದರೆ ದೇಶ. ಆದರೆ ಆ ಬಾರ್‌ಕೋಡಿನಲ್ಲಿ ವಿಳಾಸ, ಹುಟ್ಟಿದ ದಿನ ಎಲ್ಲವೂ ಇರುತ್ತದೆ. ಗುರುತಿಲ್ಲದ ಆ್ಯಪಿನಲ್ಲಿ ಬೇರೆಯವರ ಕಾರ್ಡನ್ನು ಸ್ಕ್ಯಾನ್ ಮಾಡಬೇಡಿ.

ಈ ಕ್ರಮಕ್ಕೂ ಒಂದು ಮಿತಿ ಇದೆ. ಯುರೋಪಿನಲ್ಲಿ 2013ಕ್ಕೆ ಮೊದಲು ಕೊಟ್ಟ ಹಳೆಯ ಮಾದರಿಗಳು ನೂರಕ್ಕೂ ಜಾಸ್ತಿ. ಕೆಲವು ಮಡಚುವ ಕಾಗದದ್ದು. ಅವನ್ನು ಬದಲಾಯಿಸಲು 2033ರ ಜನವರಿ 19ರವರೆಗೆ ಗಡುವು ಇದೆ. ಅಂಥದ್ದು ಕೈಗೆ ಬಂದರೆ ನೀಲಿ ಚೌಕ ಹುಡುಕಬೇಡಿ, ಕಚೇರಿಯ ಮೊಹರು ಮತ್ತು ಭಾಷೆ ನೋಡಿ. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ 2021ರಿಂದ ಅವರ ಹೊಸ ಕಾರ್ಡಿನಲ್ಲಿ ನಕ್ಷತ್ರ ಇಲ್ಲ, ಹಳೆಯದರಲ್ಲಿ ಇದೆ. ಎರಡೂ ಸರಿಯಾದದ್ದೇ. ಮತ್ತೆ, ಮಾದರಿ ಸರಿಯಿದೆ ಎಂದರೆ ಕಾರ್ಡ್ ಅಸಲಿ ಎಂದಲ್ಲ. ಅದನ್ನು ಹೇಳಬೇಕಾದದ್ದು ಕೊಟ್ಟ ದೇಶದ ಕಚೇರಿಯೇ.

ನಕಲಿಯ ಮಾತು ಬಂದದ್ದರಿಂದ ಇನ್ನೊಂದು. ಇಂಟರ್‌ನ್ಯಾಷನಲ್ ಲೈಸೆನ್ಸ್ ಅಂತ ಪ್ಲಾಸ್ಟಿಕ್ ಕಾರ್ಡ್ ಒಂದನ್ನು ಕೆಲವರು ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ತರಿಸುತ್ತಾರೆ. ಭೂಗೋಳದ ಚಿತ್ರ, ಹತ್ತು ಭಾಷೆ, ಎಲ್ಲ ಇರುತ್ತದೆ. ದೇಶ ಮಾತ್ರ ಎಲ್ಲೂ ಇರುವುದಿಲ್ಲ. ವಿಶ್ವಸಂಸ್ಥೆ ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ. ಅಸಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಒಂದು ಸಣ್ಣ ಕಾಗದದ ಪುಸ್ತಕ. ಅದನ್ನು ಕೊಟ್ಟ ದೇಶದ ಹೆಸರು ಹೊದಿಕೆಯ ಮೇಲೇ ಇರುತ್ತದೆ, ಜೊತೆಗೆ ಊರಿನ ಲೈಸೆನ್ಸ್ ಇದ್ದರೆ ಮಾತ್ರ ಅದು ನಡೆಯುತ್ತದೆ. ನಮ್ಮಲ್ಲಿ ಅದನ್ನು ಆರ್‌ಟಿಓ ಕಚೇರಿಯಿಂದ ಕೊಡುತ್ತಾರೆ.

ಹುಡುಗನ ಫಾರ್ಮಿನ ಪಟ್ಟಿಯಲ್ಲಿ `M` ಅಂತ ಟೈಪ್ ಮಾಡಿದಾಗ ಮೊದಲು ಮಕಾವ್ ಬಂತು, ಆಮೇಲೆ ಮಡಗಾಸ್ಕರ್. ಕೆಳಗೆ ಇಳಿಸಿ `Malta (MLT)` ಆರಿಸಿದೆವು. ನಂಬರನ್ನು ಐದನೇ ಸಾಲಿನಿಂದ ತೆಗೆದು ಹಾಕಿದೆವು, ಹಿಂಬದಿಯ ಎಮಿರೇಟ್ಸ್ ನಂಬರನ್ನಲ್ಲ. ಕಾರ್ಡಿನ ಎರಡೂ ಬದಿಯ ಬಣ್ಣದ ಫೋಟೋ ಸೇರಿಸಿದೆವು. ಷರಾ ಕಾಲಮ್ಮಿನಲ್ಲಿ, ಎಮಿರೇಟ್ಸ್ ಲೈಸೆನ್ಸಿಗೆ ಬದಲಾಗಿ ಮಾಲ್ಟಾದಲ್ಲಿ ಪಡೆದದ್ದು, ಹಿಂದೆ ಕೋಡ್ 70 ಇದೆ, ಜರ್ಮನಿಯಲ್ಲಿ ಇದು ನಡೆಯುತ್ತದೆಯೋ ಅಥವಾ ಅಲ್ಲಿ ಪರೀಕ್ಷೆ ಕೊಡಬೇಕೋ ತಿಳಿಸಿ ಎಂದು ಬರೆದೆವು. ಹುಡುಗ ಅದನ್ನು ಎರಡು ಸಲ ಓದಿ, ಕಾರ್ಡನ್ನು ಪರ್ಸಿಗೆ ಹಾಕಿಕೊಂಡು, "ಕಳಿಸಿ ಅಣ್ಣ" ಅಂದ.